ಜಿಯೋಫೆನ್ಸ್ ದಾಟಿದರೆ ಸ್ಕೂಟರ್ ನಿಲ್ಲುತ್ತದೆಯೇ?

ಹೊಸದಾಗಿ ಎಲೆಕ್ಟ್ರಿಕ್ ಸ್ಕೂಟರ್ ಕೊಂಡವರಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಆಪ್‌ನಲ್ಲಿ ಮನೆಯ ಸುತ್ತ ಒಂದು ವೃತ್ತ ಎಳೆದುಬಿಟ್ಟರೆ ಸಾಕು, ಕಳ್ಳ ಆ ಗೆರೆ ದಾಟಿದ ಕೂಡಲೇ ಗಾಡಿ ತಾನಾಗಿ ನಿಂತುಬಿಡುತ್ತದೆ ಎಂಬುದು. ಇದನ್ನೇ ನಂಬಿ ಹ್ಯಾಂಡಲ್ ಲಾಕ್ ಕೂಡ ಹಾಕದೆ ಬೀದಿಬದಿಯಲ್ಲಿ ಗಾಡಿ ಬಿಟ್ಟು ಹೋಗುವವರಿದ್ದಾರೆ. ಆದರೆ ಜಿಯೋಫೆನ್ಸ್ ಗಾಡಿಯನ್ನು ನಿಲ್ಲಿಸುವ ಸೌಲಭ್ಯವಲ್ಲ, ಮಾಲೀಕರಿಗೆ ಸುದ್ದಿ ಮುಟ್ಟಿಸುವ ಸೌಲಭ್ಯ. ನಿಲ್ಲಿಸದಿರುವುದಕ್ಕೂ ಸರಿಯಾದ ಕಾರಣವಿದೆ. ಜಿಪಿಎಸ್ ಬಯಲಿನಲ್ಲೇ ಕೆಲವು ಮೀಟರ್ ತಪ್ಪಬಹುದು, ಎತ್ತರದ ಕಟ್ಟಡಗಳ ನಡುವೆ ಇನ್ನೂ ಹೆಚ್ಚು ತಪ್ಪುತ್ತದೆ. ಇಂಥ ಲೆಕ್ಕವನ್ನು ನೆಚ್ಚಿ ಫ್ಲೈಓವರ್ ಮೇಲೆ 50 ಕಿ.ಮೀ. ವೇಗದಲ್ಲಿ ಹೋಗುತ್ತಿರುವ ಗಾಡಿಯ ಮೋಟಾರು ಬಂದ್ ಮಾಡಿದರೆ, ಹಿಂದಿನಿಂದ ಬರುವ ಬಸ್ಸಿಗೆ ಸಿಕ್ಕುವವರು ಗಾಡಿಯ ಮಾಲೀಕರೋ ಅವರ ಮಗಳೋ ಆಗಿರಬಹುದು.

ಸುದ್ದಿಯಾದರೂ ತಕ್ಷಣ ಬರುತ್ತದಲ್ಲ ಎನ್ನುವವರು ಅದು ಬರುವ ದಾರಿಯನ್ನು ನೋಡಬೇಕು. ಸ್ಕೂಟರಿನೊಳಗಿನ ಜಿಪಿಎಸ್ ಉಪಗ್ರಹಗಳ ಸಂಕೇತದಿಂದ ತಾನಿರುವ ಜಾಗ ಕಂಡುಕೊಳ್ಳುತ್ತದೆ. ಒಳಗಿನ ಸಿಮ್ ಅದನ್ನು ಮೊಬೈಲ್ ನೆಟ್‌ವರ್ಕ್ ಮೂಲಕ ಕಂಪನಿಯ ಸರ್ವರಿಗೆ ಕಳಿಸುತ್ತದೆ, ಅಲ್ಲಿಂದ ಫೋನಿಗೆ ನೋಟಿಫಿಕೇಶನ್ ಬರುತ್ತದೆ. ಈಗ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನಿಂತ ಗಾಡಿಯನ್ನು ನಡುರಾತ್ರಿ ಇಬ್ಬರು ಎತ್ತಿ ಗೂಡ್ಸ್ ಆಟೋಗೆ ಹಾಕಿಕೊಂಡರು ಎನ್ನೋಣ. ಅಲುಗಾಟ ಗುರುತಿಸುವ ಸೆನ್ಸರ್ ಎಚ್ಚೆತ್ತುಕೊಳ್ಳುತ್ತದೆ, ಆದರೆ ಕೆಳಗೆ ನೆಟ್‌ವರ್ಕೂ ಇಲ್ಲ, ಜಿಪಿಎಸ್ಸೂ ಇಲ್ಲ. ಆಟೋ ರ‍್ಯಾಂಪ್ ಹತ್ತಿ ಹೊರಬಂದ ಮೇಲೆ ಸಿಮ್ ಟವರ್ ಹುಡುಕಬೇಕು, ಜಿಪಿಎಸ್ ಉಪಗ್ರಹಗಳನ್ನು ಹಿಡಿಯಬೇಕು. ಇದಕ್ಕೆಲ್ಲ ಎರಡೇ ನಿಮಿಷ ಹಿಡಿಯಿತು ಎಂದುಕೊಂಡರೂ, 30 ಕಿ.ಮೀ. ವೇಗದ ಆಟೋ ಅಷ್ಟರಲ್ಲಿ ಒಂದು ಕಿಲೋಮೀಟರ್ ದಾಟಿರುತ್ತದೆ. ಮಾಲೀಕರ ಫೋನು ಸೈಲೆಂಟಿನಲ್ಲಿದ್ದರೆ, ಅಥವಾ ಬ್ಯಾಟರಿ ಉಳಿಸಲೆಂದು ಫೋನೇ ಆಪನ್ನು ಮಲಗಿಸಿದ್ದರೆ, ಸುದ್ದಿ ಕಾಣುವುದು ಬೆಳಗ್ಗೆ. ಅಷ್ಟರಲ್ಲಿ ಗಾಡಿ ತಗಡಿನ ಶೆಡ್ಡಿನೊಳಗೆ ಹೋಗಿದ್ದರೆ ನಕಾಶೆ ತೋರಿಸುವುದು ಸಂಕೇತ ಕಡಿದುಹೋದ ಜಾಗವನ್ನು ಮಾತ್ರ. ಪಕ್ಕದಲ್ಲಿರುವ ‘ಕೊನೆಯ ಬಾರಿ ಕಂಡದ್ದು’ ಎಂಬ ಸಮಯವನ್ನು ಓದದೆ, ಗಾಡಿ ಈಗಲೂ ಅಲ್ಲೇ ಇದೆ ಎಂದು ಓಡುವವರು ಬಹಳ.

ಹಾಗಾದರೆ ಇದು ಬರೀ ತೋರಿಕೆಯೇ? ಅಲ್ಲ. ಗಾಡಿಯನ್ನು ಮಗನ ಕೈಗೆ, ಸರ್ವಿಸ್ ಸೆಂಟರಿಗೆ, ವ್ಯಾಲೆಟ್ ಪಾರ್ಕಿಂಗಿಗೆ ಕೊಟ್ಟಾಗ ಜಿಯೋಫೆನ್ಸ್ ನಿಜವಾಗಿ ಕೆಲಸಕ್ಕೆ ಬರುತ್ತದೆ. ಅಲ್ಲಿ ಎರಡು ನಿಮಿಷ ತಡವಾದರೂ ನಷ್ಟವಿಲ್ಲ. ವೃತ್ತವನ್ನು ಮಾತ್ರ ತೀರಾ ಚಿಕ್ಕದಾಗಿ ಎಳೆಯಬಾರದು. 50 ಮೀಟರ್ ಇಟ್ಟವರಿಗೆ ನಿಂತ ಗಾಡಿಯೇ ಗೆರೆ ದಾಟಿತೆಂಬ ಸುಳ್ಳು ಸುದ್ದಿ ಬರತೊಡಗುತ್ತದೆ, ನಾಲ್ಕು ಸಲ ಹಾಗಾದರೆ ಬೇಸತ್ತು ಅದನ್ನೇ ಆಫ್ ಮಾಡುತ್ತಾರೆ. 300 ಮೀಟರ್ ಇಡುವುದು ಒಳ್ಳೆಯದು. ಕಳ್ಳತನದ ಮಟ್ಟಿಗೆ ಹೆಚ್ಚು ನೆರವಾಗುವುದು ಅಲುಗಾಟದ ಎಚ್ಚರಿಕೆ. ಅದು ವೃತ್ತ ದಾಟುವವರೆಗೆ ಕಾಯುವುದಿಲ್ಲ, ಆದರೆ ಅದಕ್ಕೂ ನೆಟ್‌ವರ್ಕ್ ಬೇಕು. ಕೆಲವು ಸ್ಕೂಟರುಗಳಲ್ಲಿ ಆಪ್‌ನಿಂದಲೇ ಗಾಡಿಯನ್ನು ಲಾಕ್ ಮಾಡಬಹುದು ನಿಜ, ಆದರೆ ಆಟೋದ ಮೇಲೆ ಮಲಗಿರುವ ಗಾಡಿಗೆ ಆ ಲಾಕಿನಿಂದ ಏನೂ ಆಗದು.

ಸ್ಕೂಟರಿನ ಉಳಿದ ಸೌಲಭ್ಯಗಳ ಸುತ್ತಲೂ ಇಂಥ ನಂಬಿಕೆಗಳಿವೆ, ಅವುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಇಕೋ ಮೋಡ್ ಬ್ಯಾಟರಿಗೆ ಹೊಸ ಶಕ್ತಿ ತುಂಬುವುದಿಲ್ಲ, ವೇಗಕ್ಕೂ ಎಳೆತಕ್ಕೂ ಮಿತಿ ಹಾಕುತ್ತದೆ. ಸ್ಪೋರ್ಟ್ ಮೋಡಿನಲ್ಲೇ 35ರ ವೇಗದಲ್ಲಿ ಮೆಲ್ಲಗೆ ಹೋದರೂ ಹೆಚ್ಚುಕಡಿಮೆ ಅಷ್ಟೇ ದೂರ ಸಿಗುತ್ತದೆ. ರಿವರ್ಸ್‌ಗೆ ಬೇರೆ ಗೇರ್ ಇಲ್ಲ. ಅದೇ ಮೋಟಾರು ನಡಿಗೆಯ ವೇಗದಲ್ಲಿ ಹಿಂದಕ್ಕೆ ತಿರುಗುತ್ತದೆ, ಆಗಲೂ ಗಾಡಿಯ ಭಾರವನ್ನು ಕಾಲಿನಿಂದ ಆಧರಿಸಿಕೊಳ್ಳಲೇಬೇಕು.

ಒಂದು ಲಕ್ಷಕ್ಕೂ ಹೆಚ್ಚು ಕೊಟ್ಟು ಕೊಳ್ಳುವ ವಸ್ತುವಿನ ಬಗ್ಗೆ ಶೋರೂಮಿನ ಒಂದು ಮಾತನ್ನು ಪರೀಕ್ಷಿಸದೆ ಒಪ್ಪುವುದೇ ನನಗೆ ಸಿಟ್ಟು ತರಿಸುವ ಸಂಗತಿ. ಪರೀಕ್ಷೆಗೆ ಹತ್ತು ನಿಮಿಷ ಸಾಕು. ಮನೆಯವರೊಬ್ಬರು ಗಾಡಿಯನ್ನು ವೃತ್ತದ ಆಚೆ ಓಡಿಸಲಿ, ನೀವು ಮನೆಯಲ್ಲೇ ಕೂತು ಸಂದೇಶ ಎಷ್ಟು ಹೊತ್ತಿಗೆ ಬಂತೆಂದು ಗಡಿಯಾರ ನೋಡಿ. ಗಾಡಿ ನಿಲ್ಲಿಸುವುದು ಬೇಸ್‌ಮೆಂಟಿನಲ್ಲಾದರೆ ಅಲ್ಲಿಂದಲೇ ಹೊರಡಿಸಿ. ಫೋನಿನ ಸೆಟ್ಟಿಂಗಿನಲ್ಲಿ ಆ ಆಪ್‌ಗೆ ಬ್ಯಾಟರಿ ನಿರ್ಬಂಧ ತೆಗೆದುಹಾಕಿ. ಕನೆಕ್ಟಿವಿಟಿ ಪ್ಯಾಕಿನ ಅವಧಿ ಎಂದು ಮುಗಿಯುತ್ತದೆಂದು ನೋಡಿಕೊಳ್ಳಿ, ಏಕೆಂದರೆ ಮೊದಲು ಉಚಿತವಾಗಿ ಕೊಟ್ಟದ್ದಕ್ಕೆ ಆಮೇಲೆ ಹಣ ಕಟ್ಟಬೇಕಾಗುವುದುಂಟು, ಕಟ್ಟದಿದ್ದರೆ ಈ ಎಚ್ಚರಿಕೆಗಳೂ ನಿಲ್ಲಬಹುದು. ರಾತ್ರಿ ಹ್ಯಾಂಡಲ್ ಲಾಕ್ ಹಾಕಿ, ಹಿಂದಿನ ಚಕ್ರಕ್ಕೊಂದು ಚೈನು ಬಿಗಿದು ಕಂಬಕ್ಕೆ ಸೇರಿಸಿ. ಸಂದೇಶ ಬಂದೇ ಬಿಟ್ಟರೆ ಒಬ್ಬರೇ ಬೆನ್ನಟ್ಟದೆ 112ಕ್ಕೆ ಕರೆಮಾಡಿ, ನಕಾಶೆಯ ಜಾಗದ ಜೊತೆಗೆ ಅದು ಎಷ್ಟು ಹೊತ್ತಿನದೆಂಬುದನ್ನೂ ಹೇಳಿ.