ಕೊಟ್ಟ ಸಮಯ ಹಿಂದಕ್ಕೆ ಹೋದಾಗ: ಎಚ್‌ಆರ್‌ಗೆ ಬರೆಯುವ ಒಂದು ಪತ್ರ

ಬೆಂಗಳೂರಿನ ವಿಜಯನಗರದಲ್ಲಿ ಮನೆ, ವೈಟ್‌ಫೀಲ್ಡಿನಲ್ಲಿ ಹೊಸ ಕೆಲಸ. 2023ರ ಅಕ್ಟೋಬರಿನಲ್ಲಿ ಮೆಟ್ರೊ ನೇರಳೆ ಮಾರ್ಗ ಪೂರ್ತಿಯಾದ ಮೇಲೆ ರೈಲು ಬದಲಿಸದೆ ಹೋಗಬಹುದು. ಆದರೂ ಹೋಗಲು ಒಂದು ಗಂಟೆ ದಾಟುತ್ತದೆ, ಬರಲೂ ಅಷ್ಟೇ. ಮಗಳನ್ನು ಬಿಡುವ ಡೇ ಕೇರ್ ಸಂಜೆ ಆರೂವರೆಗೆ ಬಾಗಿಲು ಹಾಕುತ್ತದೆ. ಅಕೌಂಟ್ಸ್ ವಿಭಾಗದ ಹುದ್ದೆಗೆ ಆಯ್ಕೆಯಾದ ಒಬ್ಬ ತಾಯಿಯ ಸ್ಥಿತಿ ಹೀಗಿದೆ ಎಂದುಕೊಳ್ಳೋಣ. ಸಂದರ್ಶನದಲ್ಲಿ ಆಕೆ ಇದನ್ನೆಲ್ಲ ಮುಚ್ಚಿಡದೆ ಹೇಳಿದ್ದಾರೆ. ‘ಬೆಳಿಗ್ಗೆ ಎಂಟಕ್ಕೆ ಬಂದು ಸಂಜೆ ಐದಕ್ಕೆ ಹೊರಡಿ, ವಾರಕ್ಕೆ ಎರಡು ದಿನ ಮನೆಯಿಂದಲೇ ಮಾಡಿ’ ಎಂದು ಎಚ್‌ಆರ್ ಒಪ್ಪಿದೆ. ಆಫರ್ ಮೇಲ್‌ನಲ್ಲೂ ಅದೇ ಇದೆ. ಆಕೆ ‘ಒಪ್ಪಿಗೆ’ ಎಂದು ಉತ್ತರ ಕಳಿಸಿದ್ದಾರೆ.

ಸೇರುವುದಕ್ಕೆ ಹತ್ತು ದಿನ ಇರುವಾಗ ನೇಮಕಾತಿ ಪತ್ರ ಬರುತ್ತದೆ. ಅದರಲ್ಲಿ ಕೆಲಸದ ವೇಳೆ ಹತ್ತರಿಂದ ಏಳು, ವಾರದ ಐದೂ ದಿನ ಕಚೇರಿಯಲ್ಲೇ. ಫೋನ್ ಮಾಡಿ ಕೇಳಿದರೆ ‘ಪಾಲಿಸಿ ಬದಲಾಗಿದೆ ಮೇಡಂ, ಸೇರಿದ ಮೇಲೆ ಮ್ಯಾನೇಜರ್ ಹತ್ತಿರ ಮಾತಾಡಿಕೊಳ್ಳಿ’ ಎಂಬ ಉತ್ತರ.

ಇಲ್ಲಿ ಎಚ್ಚರ ಬೇಕು. ಇಂಥ ಪತ್ರಗಳ ಕೊನೆಯ ಪುಟಗಳಲ್ಲಿ ಸಾಮಾನ್ಯವಾಗಿ ಒಂದು ಷರತ್ತು ಇರುತ್ತದೆ: ‘ಈ ಹಿಂದಿನ ಎಲ್ಲ ಮಾತುಕತೆ, ಪತ್ರಗಳ ಬದಲಿಗೆ ಈ ಪತ್ರವೇ ಅನ್ವಯ’. ಅದಕ್ಕೆ ಸಹಿ ಬಿದ್ದರೆ ಹಳೆಯ ಮೇಲ್‌ನ ಬಲ ಬಹುಪಾಲು ಹೋದಂತೆಯೇ. ಆಮೇಲೆ ಆ ಮ್ಯಾನೇಜರ್ ಒಪ್ಪಿದರೂ ಅದು ಅವರ ಔದಾರ್ಯ. ಅವರು ಬೇರೆ ತಂಡಕ್ಕೆ ಹೋದ ದಿನ ಅದೂ ಮುಗಿಯಿತು.

ಸಹಿ ಹಾಕುವ ಮೊದಲು ಆಕೆಯ ನಿಲುವು ಗಟ್ಟಿಯಾಗಿಯೇ ಇದೆ. 1872ರ ಭಾರತೀಯ ಕರಾರು ಕಾಯ್ದೆಯ 7ನೇ ಕಲಮಿನ ಪ್ರಕಾರ ಒಪ್ಪಿಗೆ ಪೂರ್ಣವಾಗಿರಬೇಕು, ಷರತ್ತಿಲ್ಲದೆ ಇರಬೇಕು. ಆಕೆ ಒಪ್ಪಿದ್ದು ಎಂಟರಿಂದ ಐದರ ಕೆಲಸವನ್ನು. ಹತ್ತರಿಂದ ಏಳು ಎಂಬುದು ಕಂಪನಿ ಮುಂದಿಟ್ಟ ಹೊಸ ಪ್ರಸ್ತಾಪ, ಅದನ್ನು ಒಪ್ಪಬೇಕೆಂಬ ಕಟ್ಟುಪಾಡಿಲ್ಲ. ಆದರೆ ಫ್ಲೆಕ್ಸಿ ಟೈಮಿಂಗ್ ಎಲ್ಲರಿಗೂ ಸಲ್ಲುವ ಕಾನೂನಿನ ಹಕ್ಕು ಎಂದು ವಾದಿಸಲು ಹೋಗಬಾರದು. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯೂ ಹೆರಿಗೆ ರಜೆಯ ನಂತರ ಮನೆಯಿಂದ ಕೆಲಸ ಮಾಡುವುದನ್ನು ಕೆಲಸದ ಸ್ವರೂಪಕ್ಕೆ, ಎರಡೂ ಕಡೆಯವರ ಒಪ್ಪಂದಕ್ಕೆ ಬಿಟ್ಟಿತ್ತು. ಆದ್ದರಿಂದ ಪತ್ರ ನಿಲ್ಲಬೇಕಾದದ್ದು ಕೊಟ್ಟ ಮಾತಿನ ಮೇಲೆ.

ಬೇಡ ಎನ್ನುವ ಮೊದಲು ಒಮ್ಮೆ ಲಿಖಿತವಾಗಿ ಕೇಳುವುದು ಒಳ್ಳೆಯದು: ಮೊದಲಿನ ಸಮಯವನ್ನೇ ಸೇರಿಸಿ ತಿದ್ದಿದ ಪತ್ರವನ್ನು ಇಂಥ ದಿನದೊಳಗೆ ಕಳಿಸುತ್ತೀರಾ? ದಿನ ಕಳೆದರೂ ಉತ್ತರ ಬರಲಿಲ್ಲವೆಂದರೆ ಅದೇ ಮೇಲ್ ಸರಣಿಯಲ್ಲಿ ನಿರಾಕರಣೆ ಹೋಗಬೇಕು. ಹೊಸ ಮೇಲ್ ತೆರೆದರೆ ಹಳೆಯ ಭರವಸೆ ಓದುವವರ ಕಣ್ಣಿಗೆ ಬೀಳುವುದಿಲ್ಲ. ಪತ್ರ ಹೀಗಿದ್ದರೆ ಸಾಕು:

‘ಮಾನ್ಯರೇ, ಈ ತಿಂಗಳ 3ರಂದು ನೀವು ಕಳಿಸಿದ ಆಫರ್‌ನಲ್ಲಿ ಬೆಳಿಗ್ಗೆ 8ರಿಂದ ಸಂಜೆ 5ರವರೆಗಿನ ವೇಳೆ ಮತ್ತು ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಎಂದಿತ್ತು. ಅದನ್ನು ನಂಬಿ ನಾನು ಒಪ್ಪಿದ್ದೆ. 18ರ ನೇಮಕಾತಿ ಪತ್ರದಲ್ಲಿ ಈ ಎರಡೂ ಇಲ್ಲ. ತಿದ್ದುಪಡಿ ಕೋರಿ 19ರಂದು ಬರೆದ ಮೇಲ್‌ಗೆ ಉತ್ತರ ಬಂದಿಲ್ಲ. ಬದಲಾದ ಷರತ್ತುಗಳನ್ನು ನಾನು ಒಪ್ಪುವುದಿಲ್ಲ, ಆದ್ದರಿಂದ ಈ ಹುದ್ದೆಗೆ ಸೇರುತ್ತಿಲ್ಲ. ನಾನು ಸಲ್ಲಿಸಿದ ದಾಖಲೆಗಳ ಪ್ರತಿಗಳನ್ನು ಅಳಿಸಿ, ನನ್ನಿಂದ ಯಾವುದೇ ಬಾಕಿ ಇಲ್ಲವೆಂದು ಲಿಖಿತವಾಗಿ ತಿಳಿಸಿ.’

ಇದರಲ್ಲಿ ಡೇ ಕೇರ್ ಇಲ್ಲ, ಮೆಟ್ರೊ ಇಲ್ಲ. ಬೇಕೆಂದೇ ಬಿಟ್ಟದ್ದು. ಮನೆಯ ಕಷ್ಟ ಬರೆದರೆ ಎಚ್‌ಆರ್ ಕಡತದಲ್ಲಿ ‘ವೈಯಕ್ತಿಕ ಕಾರಣಕ್ಕೆ ನಿರಾಕರಣೆ’ ಎಂದು ದಾಖಲಾಗುತ್ತದೆ, ಮಾತು ತಪ್ಪಿದ ವಿಷಯ ಮರೆಯಾಗುತ್ತದೆ. ‘ಬಹುಶಃ ಸೇರಲಾಗದು’ ಎಂಬ ಅರೆಮನಸ್ಸಿನ ಮಾತೂ ಕೂಡದು. ಫೋನ್ ಮಾಡಿದ ರಿಕ್ರೂಟರ್ ಮೇಲೆ ಸಿಟ್ಟು ತೀರಿಸಿಕೊಳ್ಳುವುದಂತೂ ಅನ್ಯಾಯ. ಎಷ್ಟೋ ಸಲ ನಿರ್ಧಾರ ಆಗಿರುವುದು ಅವರಿಗಿಂತ ಮೇಲಿನವರಲ್ಲಿ.

ಬಾಕಿಯ ಮಾತು ಬಂದದ್ದಕ್ಕೂ ಕಾರಣವಿದೆ. ಕಂಪನಿ ಜಾಯಿನಿಂಗ್ ಬೋನಸ್ ಮುಂಗಡವಾಗಿ ಕೊಟ್ಟಿದ್ದರೆ ಅದನ್ನು ಹಿಂತಿರುಗಿಸಬೇಕಾಗುತ್ತದೆ. ಸೇರದಿದ್ದರೆ ದಂಡ ಎಂಬ ಸಾಲು ಆಫರ್‌ನಲ್ಲಿ ಇದೆಯೇ ಎಂದೂ ಮೊದಲೇ ನೋಡಿಕೊಳ್ಳಬೇಕು. ಇದ್ದರೆ ವಕೀಲರಿಗೆ ಒಮ್ಮೆ ತೋರಿಸಿ ಮುಂದುವರಿಯುವುದು ಕ್ಷೇಮ.

ನಿಜವಾದ ಪೆಟ್ಟು ಬೀಳುವುದು ಹಳೆಯ ಕೆಲಸಕ್ಕೆ ಆಗಲೇ ರಾಜೀನಾಮೆ ಕೊಟ್ಟವರಿಗೆ. ಹಲವು ಐಟಿ ಕಂಪನಿಗಳಲ್ಲಿ ನೋಟಿಸ್ ಅವಧಿ 90 ದಿನ. ಆಫರ್ ಹಿಡಿದು ರಾಜೀನಾಮೆ ಕೊಟ್ಟು, ನೇಮಕಾತಿ ಪತ್ರ ಕೈಗೆ ಬರುವ ಹೊತ್ತಿಗೆ ಎಂಬತ್ತು ದಿನ ಕಳೆದಿರುತ್ತದೆ. ರಾಜೀನಾಮೆ ಹಿಂಪಡೆಯಲು ಆಗ ಹಳೆಯ ಕಂಪನಿಯ ಒಪ್ಪಿಗೆಯೇ ಗತಿ. ಅದಕ್ಕೇ ಕೆಲಸದ ವೇಳೆ ನಮೂದಾಗಿರುವ ನೇಮಕಾತಿ ಪತ್ರದ ಕರಡನ್ನು ರಾಜೀನಾಮೆಗೆ ಮೊದಲೇ ಕೇಳಿ ಪಡೆಯುವುದು ಒಳಿತು.

ನಿರಾಕರಿಸಿದ ಮರುದಿನ ಎಚ್‌ಆರ್‌ನಿಂದ ಮತ್ತೆ ಕರೆ ಬರುವುದೂ ಉಂಟು: ‘ಸರಿ ಮೇಡಂ, ಎಂಟಕ್ಕೇ ಬನ್ನಿ.’ ಆಗ ಆಕೆ ಕೇಳಬೇಕಾದದ್ದು ಎರಡನ್ನು. ವೇಳೆ ಮತ್ತು ಮನೆಯಿಂದ ಕೆಲಸದ ದಿನಗಳು ಹೊಸ ನೇಮಕಾತಿ ಪತ್ರದ ಒಳಗೇ ಇರಬೇಕು. ‘ಕಂಪನಿ ತನ್ನ ಇಚ್ಛೆಯಂತೆ ವೇಳೆ ಬದಲಿಸಬಹುದು’ ಎಂಬ ಸಾಲಿದ್ದರೆ, ಅದರ ಪಕ್ಕದಲ್ಲಿ ‘ಉದ್ಯೋಗಿಯ ಲಿಖಿತ ಒಪ್ಪಿಗೆಯೊಂದಿಗೆ’ ಎಂದು ಸೇರಿಸಬೇಕು.