ಒಂದೇ ವಿಮಾನ, ಎರಡು ಬೆಲೆ

2015ರ ಫೆಬ್ರವರಿಯಲ್ಲಿ ಯುನೈಟೆಡ್ ಏರ್‌ಲೈನ್ಸ್‌ನ ಡೆನ್ಮಾರ್ಕ್ ಜಾಲತಾಣದಲ್ಲಿ ಲಂಡನ್ನಿನಿಂದ ಅಮೆರಿಕಕ್ಕೆ ಹೋಗುವ ಫಸ್ಟ್ ಕ್ಲಾಸ್ ಟಿಕೆಟ್ಟು ಕೆಲವು ಗಂಟೆಗಳ ಕಾಲ ಸುಮಾರು 75 ಡಾಲರಿಗೆ ಬಿಕರಿಯಾಯಿತು. ಸಾವಿರಾರು ಡಾಲರ್ ಬೆಲೆಯ ಸೀಟು ಅದು. ಸುದ್ದಿ ಹಬ್ಬಿದ್ದೇ ತಡ, ಡೆನ್ಮಾರ್ಕಿನ ದಿಕ್ಕಿಗೂ ತಲೆ ಹಾಕದವರು ಆ ಜಾಲತಾಣಕ್ಕೆ ನುಗ್ಗಿ, ತಮ್ಮ ಕಾರ್ಡಿನ ವಿಳಾಸ ಡೆನ್ಮಾರ್ಕ್‌ನದೆಂದು ತುಂಬಿ ಟಿಕೆಟ್ ಕೊಂಡರು. ಹೊರಗಿನ ಸಂಸ್ಥೆಯೊಂದರ ತಂತ್ರಾಂಶ ವಿನಿಮಯ ದರವನ್ನು ತಪ್ಪಾಗಿ ಹಾಕಿದ್ದರಿಂದ ಹೀಗಾಯಿತೆಂದು ಹೇಳಿ ಕಂಪನಿ ಎಲ್ಲ ಟಿಕೆಟ್‌ಗಳನ್ನೂ ರದ್ದು ಮಾಡಿತು. ದೂರು ಹೋದಾಗ ಅಮೆರಿಕದ ಸಾರಿಗೆ ಇಲಾಖೆ, ಆ ಬೆಲೆ ಅಮೆರಿಕದ ಗ್ರಾಹಕರಿಗಾಗಿ ಇಟ್ಟ ಜಾಲತಾಣದ್ದಲ್ಲ ಎಂದು ಕಂಪನಿಯ ಮೇಲೆ ಕ್ರಮಕ್ಕೆ ಮುಂದಾಗಲಿಲ್ಲ.

ಎಡವಟ್ಟೇನೋ ಮುಗಿಯಿತು. ಆದರೆ ಸಾಮಾನ್ಯ ದಿನಗಳಲ್ಲಿ ನಮಗೆ ಕಾಣದ ಒಂದು ಸಂಗತಿ ಅದರಿಂದ ಹೊರಬಿತ್ತು. ಪ್ರಯಾಣ ಲಂಡನ್ನಿನಲ್ಲಿ ಶುರುವಾಗುವುದರಿಂದ ಆ ಟಿಕೆಟ್ಟಿನ ನಿಜವಾದ ಬೆಲೆ ಪೌಂಡಿನಲ್ಲಿತ್ತು. ಡೆನ್ಮಾರ್ಕ್ ಜಾಲತಾಣ ಅದನ್ನು ಕ್ರೋನಕ್ಕೆ ಬದಲಿಸಿ ತೋರಿಸುತ್ತಿತ್ತು, ಅಷ್ಟೆ. ತಪ್ಪಿದ್ದು ಆ ಬದಲಾವಣೆಯಲ್ಲಿ.

ವಿಮಾನದ ದರಕ್ಕೊಂದು ತವರು ದೇಶವಿದೆ. ಪ್ರಯಾಣ ಎಲ್ಲಿ ಶುರುವಾಗುತ್ತದೋ ಅದೇ ಆ ದೇಶ. ಬೆಂಗಳೂರಿನಿಂದ ಹೊರಡುವ ಟಿಕೆಟ್ಟಿಗೆ ಕಂಪನಿಗಳು ಭಾರತದ ಮಾರುಕಟ್ಟೆ ನೋಡಿ ರೂಪಾಯಿಯಲ್ಲಿ ದರ ಕಟ್ಟುತ್ತವೆ. ನ್ಯೂಯಾರ್ಕಿನಿಂದ ಹೊರಡುವುದಕ್ಕೆ ಡಾಲರಿನಲ್ಲಿ, ಅಲ್ಲಿನ ಪೈಪೋಟಿ ನೋಡಿ. ಕೆಲವು ದೇಶಗಳ ಹಣ ತೀರಾ ಅಸ್ಥಿರವಾದ್ದರಿಂದ ಅಲ್ಲಿಂದ ಹೊರಡುವ ಟಿಕೆಟ್ಟಿಗೂ ಡಾಲರಿನಲ್ಲೇ ದರ ಕಟ್ಟುವುದುಂಟು. ಹಾಗಾಗಿ ಬೆಂಗಳೂರು–ನ್ಯೂಯಾರ್ಕ್–ಬೆಂಗಳೂರು ಮತ್ತು ನ್ಯೂಯಾರ್ಕ್–ಬೆಂಗಳೂರು–ನ್ಯೂಯಾರ್ಕ್ ಎರಡೂ ಅದೇ ವಿಮಾನದ ಅದೇ ಸೀಟುಗಳಾದರೂ ಬೆಲೆಗಳಿಗೆ ಪರಸ್ಪರ ಸಂಬಂಧವಿಲ್ಲ. ಜಾಲತಾಣ ಬದಲಿಸಿದ್ದಕ್ಕೆ ಬೆಲೆ ಬದಲಾಯಿತೆಂದು ಹೇಳುವವರಲ್ಲಿ ಅನೇಕರು ಹೋಲಿಸಿರುವುದು ಇಂಥ ಎರಡು ಬೇರೆ ಬೇರೆ ಪ್ರಯಾಣಗಳನ್ನೇ.

ಈಗ ನಮ್ಮ ಎಷ್ಟೋ ಮನೆಗಳಲ್ಲಿ ನಡೆಯುವ ಒಂದು ಖರೀದಿಯನ್ನೇ ನೋಡೋಣ. ಮಗ ನ್ಯೂಜೆರ್ಸಿಯಲ್ಲಿದ್ದಾನೆ. ಮೈಸೂರಿನಲ್ಲಿರುವ ಅಮ್ಮನನ್ನು ಬೇಸಿಗೆಗೆ ಕರೆಸಿಕೊಳ್ಳಲು ಬೆಂಗಳೂರಿನಿಂದ ಹೋಗಿಬರುವ ಟಿಕೆಟ್ ಕೊಳ್ಳಬೇಕು. ತೆರಿಗೆ ಬಿಟ್ಟು ಮೂಲ ದರ 90,000 ರೂಪಾಯಿ, ಡಾಲರಿಗೆ 90 ರೂಪಾಯಿ ಎಂದು ಲೆಕ್ಕದ ಅನುಕೂಲಕ್ಕೆ ಇಟ್ಟುಕೊಳ್ಳಿ. ಮಗ ಅಮೆರಿಕದ ಜಾಲತಾಣದಲ್ಲಿ ಹುಡುಕಿದರೆ ಸುಮಾರು 1,000 ಡಾಲರ್ ಕಾಣಬೇಕು. ಟಿಕೆಟ್ ರಸೀದಿಯಲ್ಲಿ ಇದು ಅಚ್ಚಾಗಿಯೇ ಬರುತ್ತದೆ: `FARE INR 90000`, ಅದರ ಕೆಳಗೆ `EQUIV FARE PD USD 1000`. ಮೊದಲನೆಯದು ತವರಿನ ದರ, ಎರಡನೆಯದು ಅದನ್ನು ಬದಲಿಸಿ ವಸೂಲು ಮಾಡಿದ ಮೊತ್ತ. ಈ ಬದಲಾವಣೆಗೆ ಕಂಪನಿಗಳು ಬಳಸುವುದು ತಮ್ಮ ಉದ್ಯಮದ ದರವನ್ನು. ಅದು ಬ್ಯಾಂಕಿನ ಅಂದಿನ ದರಕ್ಕೆ ಸರಿಹೊಂದಬೇಕೆಂದಿಲ್ಲ, ಆದ್ದರಿಂದ ಸಣ್ಣಪುಟ್ಟ ವ್ಯತ್ಯಾಸ ಇದ್ದೇ ಇರುತ್ತದೆ.

ಮಗನಿಗೆ 1,000ದ ಬದಲು 1,250 ಡಾಲರ್ ಕಂಡರೆ ಅದು ವಿನಿಮಯದ ಆಟವಲ್ಲ. ಪ್ರತಿಯೊಂದು ದರದ ಜೊತೆಗೂ ನಿಯಮಗಳ ಪಟ್ಟಿಯೊಂದು ಇರುತ್ತದೆ. ಎಷ್ಟು ದಿನ ಮುಂಚೆ ಕೊಳ್ಳಬೇಕು, ರದ್ದು ಮಾಡಿದರೆ ದಂಡ ಎಷ್ಟು, ಹಾಗೆಯೇ ಯಾವ ದೇಶದಲ್ಲಿ ಮಾರಬಹುದು ಎಂಬುದೂ ಅದರಲ್ಲಿ ಬರುತ್ತದೆ. ಈ ಕೊನೆಯದಕ್ಕೆ ಉದ್ಯಮದವರು ಪಾಯಿಂಟ್ ಆಫ್ ಸೇಲ್ ಎನ್ನುತ್ತಾರೆ. ಒಂದು ಅಗ್ಗದ ದರ ಭಾರತದಲ್ಲಿ ಮಾತ್ರ ಮಾರಾಟಕ್ಕೆಂದು ಬರೆದಿಟ್ಟಿದ್ದರೆ ಅಮೆರಿಕದ ಜಾಲತಾಣಕ್ಕೆ ಅದು ಕಾಣುವುದೇ ಇಲ್ಲ. ಅದಕ್ಕಿಂತ ಮೇಲಿನ ದರ ಕಾಣುತ್ತದೆ.

ನಿಯಮ ಒಂದೇ ಇದ್ದರೂ ಇನ್ನೊಂದು ಕಡೆ ಬಾಗಿಲು ಹಾಕಬಹುದು. ಎಕಾನಮಿಯ ಸೀಟುಗಳನ್ನೇ ಕಂಪನಿ ಹಲವು ಬುಕಿಂಗ್ ಕ್ಲಾಸ್‌ಗಳಾಗಿ ಹಂಚಿ, ಒಂದೊಂದಕ್ಕೆ ಒಂದೊಂದು ಇಂಗ್ಲಿಷ್ ಅಕ್ಷರ ಕೊಟ್ಟಿರುತ್ತದೆ. ತೀರಾ ಅಗ್ಗದ ಕ್ಲಾಸಿನಲ್ಲಿ ಇಂದು ಎಷ್ಟು ಸೀಟು ಉಳಿದಿದೆ ಎಂಬ ಪ್ರಶ್ನೆಗೆ ಬೆಂಗಳೂರಿನ ಏಜೆಂಟಿಗೆ ನಾಲ್ಕು ಎಂದೂ ನ್ಯೂಜೆರ್ಸಿಯವನಿಗೆ ಸೊನ್ನೆ ಎಂದೂ ಉತ್ತರಿಸುವಂತೆ ವ್ಯವಸ್ಥೆ ಮಾಡಿಡಬಹುದು. ಡಾಲರಿನಲ್ಲಿ ದುಡಿಯುವ ಮಗ ಅಮ್ಮನಿಗಾಗಿ ಹೆಚ್ಚು ಕೊಟ್ಟಾನು ಎಂಬ ಲೆಕ್ಕ ಇದರ ಹಿಂದೆ ಇರುತ್ತದೆ. ನನ್ನ ಮಟ್ಟಿಗೆ ಇದು ಮೋಸವಲ್ಲ, ಮಾವಿನ ಬೆಲೆ ಹಳ್ಳಿಯ ಸಂತೆಯಲ್ಲೊಂದು, ಪೇಟೆಯಲ್ಲೊಂದು ಇರುವ ಹಾಗೆ. ಆದರೆ ಇದನ್ನು ಕೊಳ್ಳುವವರಿಗೆ ಎಲ್ಲೂ ಹೇಳದೆ ನಡೆಸುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಐರೋಪ್ಯ ಒಕ್ಕೂಟ 2008ರ ಕಾನೂನೊಂದರಲ್ಲಿ, ತನ್ನ ವಿಮಾನ ನಿಲ್ದಾಣಗಳಿಂದ ಹೊರಡುವ ವಿಮಾನಗಳ ದರಗಳಿಗೆ ಸಂಬಂಧಿಸಿ ಗ್ರಾಹಕರ ರಾಷ್ಟ್ರೀಯತೆ ಅಥವಾ ವಾಸಸ್ಥಳ ನೋಡಿ ಭೇದ ಮಾಡುವಂತಿಲ್ಲ ಎಂದಿದೆ. ಬೆಂಗಳೂರು–ನ್ಯೂಯಾರ್ಕಿಗೆ ಆ ಕಾನೂನು ಬರುವುದಿಲ್ಲ.

ಕಂಪನಿಯ ಲೋಭವೇ ಯಾವಾಗಲೂ ಕಾರಣವೆಂದೇನೂ ಅಲ್ಲ. ನೈಜೀರಿಯದಲ್ಲಿ ಡಾಲರ್ ಅಭಾವದಿಂದಾಗಿ ವಿದೇಶಿ ವಿಮಾನ ಕಂಪನಿಗಳು ನೈರಾದಲ್ಲಿ ಗಳಿಸಿದ ಹಣವನ್ನು ತಮ್ಮ ದೇಶಕ್ಕೆ ಸಾಗಿಸಲಾಗದೆ ವರ್ಷಗಟ್ಟಲೆ ಒದ್ದಾಡಿದವು. 2022ರಲ್ಲಿ ಎಮಿರೇಟ್ಸ್ ಇದೇ ಕಾರಣಕ್ಕೆ ಅಲ್ಲಿಗೆ ಹಾರಾಟವನ್ನೇ ನಿಲ್ಲಿಸಿತು. ಉಳಿದವು ನೈರಾದಲ್ಲಿ ಮಾರುವ ಅಗ್ಗದ ಕ್ಲಾಸುಗಳನ್ನು ಮುಚ್ಚಿದವು. ಕೈಗೆ ಬರುವುದೇ ಅನುಮಾನವಾದ ಹಣಕ್ಕೆ ಅಗ್ಗದ ಸೀಟು ಯಾರು ಕೊಡುತ್ತಾರೆ? ಅಲ್ಲಿನ ಪ್ರಯಾಣಿಕರಿಗೆ ಅದೇ ವಿಮಾನದ ಟಿಕೆಟ್ಟು ಬೇರೆ ದೇಶದಲ್ಲಿ ಕೊಂಡರೆ ಅಗ್ಗವಾಯಿತು.

ಹಾಗಾದರೆ ಮಗ ಏನು ಮಾಡಬೇಕು? ಅದೇ ಕಂಪನಿಯ ಭಾರತದ ಪುಟವನ್ನೂ ಅಮೆರಿಕದ ಪುಟವನ್ನೂ ಅಕ್ಕಪಕ್ಕ ತೆರೆದು, ಅದೇ ದಿನ, ಅದೇ ವಿಮಾನ, ಅದೇ ಬುಕಿಂಗ್ ಕ್ಲಾಸಿನ ಅಕ್ಷರ ಇರುವುದನ್ನು ಹೋಲಿಸಬೇಕು. ಅಕ್ಷರ ಬೇರೆಯಾಗಿದ್ದರೆ ಅವನು ನೋಡುತ್ತಿರುವುದು ಎರಡು ಬೇರೆ ದರಗಳನ್ನು. ಅಕ್ಷರ ಒಂದೇ ಆಗಿದ್ದು ಮೂಲ ದರವೂ ಸರಿಹೊಂದಿದರೆ ತೆರಿಗೆ ಮತ್ತು ಸರ್‌ಚಾರ್ಜ್‌ಗಳ ಸಾಲನ್ನು ನೋಡಬೇಕು. ವಿಮಾನ ನಿಲ್ದಾಣದ ಶುಲ್ಕ ಎಲ್ಲಿ ಕೊಂಡರೂ ಒಂದೇ. ಕಂಪನಿಯೇ ಹಾಕುವ ಸರ್‌ಚಾರ್ಜ್ ಮಾರಾಟದ ದೇಶ ನೋಡಿ ಬದಲಾಗಬಹುದು. ಬ್ರೌಸರ್‌ನಲ್ಲಿ ವಿಪಿಎನ್ ಹಾಕಿದ್ದರಿಂದ ಮಾತ್ರವೇ ದರ ಇಳಿಯುತ್ತದೆಂಬುದು ಬಹುಪಾಲು ನಂಬಿಕೆಯ ಮಾತು. ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದು ಪುಟದಲ್ಲಿ ಆರಿಸಿದ ದೇಶ, ಕೆಲವೊಮ್ಮೆ ಕಾರ್ಡಿನ ವಿಳಾಸ.

ಭಾರತದ ಪುಟವೇ ಅಗ್ಗವೆಂದಾದರೆ ಅಮ್ಮನೋ ಮೈಸೂರಿನಲ್ಲಿರುವ ತಂಗಿಯೋ ತಮ್ಮ ಕಾರ್ಡಿನಿಂದ ರೂಪಾಯಿ ಕೊಟ್ಟು ಕೊಳ್ಳುವುದೇ ಸುಲಭದ ದಾರಿ. ತಿರುಗುಮುರುಗಾಗಿ, ಭಾರತದಲ್ಲಿರುವವರು ವಿದೇಶಿ ಪುಟದಲ್ಲಿ ಡಾಲರಿಗೆ ಕೊಳ್ಳಲು ಹೊರಟರೆ ಕಾರ್ಡಿನ ಖರ್ಚನ್ನು ಮರೆಯಬಾರದು. ನಮ್ಮ ಅನೇಕ ಕ್ರೆಡಿಟ್ ಕಾರ್ಡುಗಳು ವಿದೇಶಿ ಹಣದ ವ್ಯವಹಾರಕ್ಕೆ ಶೇ 3.5 ಶುಲ್ಕ ಹಾಕುತ್ತವೆ, ಆ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ. ಎರಡೂ ಕೂಡಿ 90,000ಕ್ಕೆ 3,717 ರೂಪಾಯಿ. ಅಲ್ಲಿ 3,000 ರೂಪಾಯಿ ಉಳಿದಂತೆ ಕಂಡರೆ ಕೈಯಿಂದಲೇ ಹೋಯಿತು. ಇದನ್ನು ತಪ್ಪಿಸಲು ವಿದೇಶಿ ಪುಟದಲ್ಲೇ ರೂಪಾಯಿಯಲ್ಲಿ ಕೊಡುವ ಆಯ್ಕೆ ಒತ್ತಿದರೂ ನೆಮ್ಮದಿಯಿಲ್ಲ. ಆ ಬದಲಾವಣೆಯ ದರದಲ್ಲೇ ಲಾಭದ ಅಂಶ ಸೇರಿರುತ್ತದೆ, ಜೊತೆಗೆ ವ್ಯಾಪಾರಿ ವಿದೇಶದಲ್ಲಿ ನೋಂದಾಯಿಸಿದ್ದರೆ ಕೆಲವು ಬ್ಯಾಂಕುಗಳು ರೂಪಾಯಿ ವ್ಯವಹಾರಕ್ಕೂ ಬೇರೆಯೇ ಶುಲ್ಕ ಹಾಕುತ್ತವೆ.

ಟಿಕೆಟ್ ರದ್ದು ಮಾಡುವ ದಿನ ಇನ್ನೊಂದು ತೊಡಕು ಬರುತ್ತದೆ. ಮರುಪಾವತಿ ಯಾವ ಹಣದಲ್ಲಿ ಕೊಟ್ಟಿರೋ ಅದೇ ಹಣದಲ್ಲಿ, ಅದೇ ಕಾರ್ಡಿಗೆ ಬರುತ್ತದೆ. ಅಷ್ಟರಲ್ಲಿ ಡಾಲರ್ ಇಳಿದಿದ್ದರೆ ನಷ್ಟ ಕಾರ್ಡಿನವರದು, ಶೇ 3.5ರ ಶುಲ್ಕವೂ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ.