ಕಂಬಂನ ‘ದೇವರ ಆವು’: ಸಂಪಾದಕರಿಗೆ ಪತ್ರ ಬರೆಯುವ ಬಗೆ

ತೇನಿ, ದಿಂಡುಗಲ್ ಕಡೆಯ ನಮ್ಮ ಸದಸ್ಯರಲ್ಲಿ ಕೆಲವರು ಪತ್ರಿಕೆಗಳಿಗೆ ಬಿಡಿ ಲೇಖನ ಬರೆಯುತ್ತಾರೆ. ‘ಕಂಬಂ ಕಣಿವೆಯ ಕನ್ನಡಿಗರ ಬಗ್ಗೆ ಬರೆಯಲೇ?’ ಎಂದು ಕೇಳಿದರೆ ಸಂಪಾದಕರಿಂದ ಉತ್ತರ ಬರುವುದು ಕಷ್ಟ. ಅದು ವಿಷಯವಾಯಿತು, ಸುದ್ದಿಯಾಗಲಿಲ್ಲ. ಏನಾಗುತ್ತಿದೆ, ಯಾರಿಗೆ, ಈಗಲೇ ಯಾಕೆ ಎಂಬುದು ಮೊದಲ ನಾಲ್ಕು ಸಾಲಿನಲ್ಲೇ ತಿಳಿಯಬೇಕು.

ಕಂಬಂನಲ್ಲಿ ಕನ್ನಡ ಮಾತಾಡುವ ಒಕ್ಕಲಿಗರು (ಕಾಪ್ಪಿಲಿಯರ್) ದೇವರ ಹೆಸರಿನಲ್ಲಿ ಸಾಕುವ ದನದ ಮಂದೆಯನ್ನೇ ತೆಗೆದುಕೊಳ್ಳೋಣ. ಪತ್ರ ಹೀಗೆ ಶುರುವಾಗಬಹುದು:

‘ಮಾನ್ಯರೇ, ಕಂಬಂನಲ್ಲಿ ದೇವರಿಗೆ ಬಿಟ್ಟ ದನದ ಮಂದೆಯೊಂದಿದೆ. ಮಾಟ್ಟು ಪೊಂಗಲ್ ದಿನ ಊರವರು ಅದನ್ನು ಪೂಜಿಸುತ್ತಾರೆ. ಹುಲಿ ಮೀಸಲು ಪ್ರದೇಶಗಳಲ್ಲಿ ದನ ಮೇಯಿಸುವುದನ್ನು 2022ರಲ್ಲಿ ಮದ್ರಾಸ್ ಹೈಕೋರ್ಟ್ ತಡೆಯಿತು. ಪಕ್ಕದ ಮೇಘಮಲೆ 2021ರಿಂದ ಅಂಥ ಪ್ರದೇಶ. ಈ ಮಂದೆ ಈಗ ಎಲ್ಲಿ ಮೇಯುತ್ತದೆ, ಅದರ ಖರ್ಚು ಯಾರದು ಎಂಬುದನ್ನು 1,200 ಪದಗಳಲ್ಲಿ ಬರೆಯಬೇಕೆಂದಿದ್ದೇನೆ.’

ಇಲ್ಲಿ ಉತ್ತರ ಇಲ್ಲ, ಪ್ರಶ್ನೆ ಇದೆ. ಊರಿಗೆ ಹೋಗುವ ಮುಂಚೆಯೇ ‘ಮಂದೆ ಅಳಿಯುತ್ತಿದೆ’ ಎಂದು ಬರೆದರೆ, ಅದಕ್ಕೆ ಆಧಾರವೇನು ಎಂದು ಸಂಪಾದಕರು ಕೇಳಿಯೇ ಕೇಳುತ್ತಾರೆ.

ಮುಂದಿನ ಪ್ಯಾರಾ ಆಧಾರಗಳದ್ದು. ದನ ಕಾಯುವವರು, ದೇವಸ್ಥಾನದ ಹಿರಿಯರು, ಅರಣ್ಯ ಇಲಾಖೆಯ ಅಧಿಕಾರಿ ಈ ಮೂವರೂ ಬೇಕು. ಯಾರು ಮಾತಾಡಲು ಒಪ್ಪಿದ್ದಾರೆ, ಯಾರನ್ನು ಇನ್ನೂ ಕೇಳಬೇಕು ಎಂದು ಬೇರೆ ಬೇರೆಯಾಗಿ ಹೇಳಿ. ಕೋರ್ಟಿನ ಆದೇಶವನ್ನು ಪೂರ್ತಿ ಓದಿಕೊಳ್ಳಿ: ಮೊದಲು ಎಲ್ಲ ಕಾಡಿಗೂ ಇದ್ದ ತಡೆ ಆಮೇಲೆ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ, ಹುಲಿ ಮೀಸಲುಗಳಿಗೆ ಸೀಮಿತವಾಯಿತು. ಇದನ್ನು ತಪ್ಪಾಗಿ ಬರೆದರೆ ಉಳಿದದ್ದನ್ನೂ ಯಾರೂ ನಂಬುವುದಿಲ್ಲ.

ಹಳೆಯ ದಾಖಲೆಯೂ ಇದೆ. ಎಡ್ಗರ್ ಥರ್ಸ್ಟನ್ 1909ರ ತಮ್ಮ ಜಾತಿ-ಬುಡಕಟ್ಟುಗಳ ಪುಸ್ತಕದ ಮೂರನೆಯ ಸಂಪುಟದಲ್ಲಿ ಈ ಮಂದೆಯನ್ನು ‘ದೇವರ ಆವು’ ಎಂಬ ಕನ್ನಡ ಹೆಸರಿನಿಂದಲೇ ಹೇಳಿದ್ದಾರೆ. ಪಟ್ಟದ ಹೋರಿಯನ್ನು ಕಬ್ಬು ಇಟ್ಟು ಆರಿಸುವ ಪದ್ಧತಿಯನ್ನೂ ವಿವರಿಸಿದ್ದಾರೆ. ಕನ್ನಡ ಸಂಪಾದಕರ ಗಮನ ಸೆಳೆಯಲು ಆ ಹೆಸರೊಂದೇ ಸಾಕು. ಆದರೆ ಅದು ನೂರು ವರ್ಷ ಹಿಂದಿನ ಮಾತು, ಇಂದಿನ ಪದ್ಧತಿಯನ್ನು ಹೋಗಿ ನೋಡಬೇಕು. ಪೂರ್ವಿಕರು ಕನ್ನಡ ನಾಡಿನಿಂದ ಬಂದ ಕಥೆಯನ್ನು ‘ಹಿರಿಯರು ಹೇಳುವಂತೆ’ ಎಂದೇ ಬರೆಯಿರಿ.

ಫೋಟೋ ನಾಲ್ಕೈದು ಸಾಕು, ಚಿಕ್ಕ ಗಾತ್ರದಲ್ಲಿ. ದೊಡ್ಡ ಫೈಲುಗಳು ನಿಮ್ಮ ಬಳಿ ಇರಲಿ. ಪೂಜೆಯ ಗುಂಪಿನ ಚಿತ್ರ ಎಲ್ಲರ ಬಳಿಯೂ ಇರುತ್ತದೆ. ಬೆಳಿಗ್ಗೆ ಮಂದೆ ಹೊರಡುವುದು, ಕಾಯುವವನ ಕೈ, ಮೇವಿನ ಹೊರೆ, ಇಂಥವೇ ಲೇಖನಕ್ಕೆ ಬೇಕಾದವು. ಪ್ರತಿ ಚಿತ್ರದಡಿ ಸ್ಥಳ, ದಿನಾಂಕ, ತೆಗೆದವರು ಯಾರು, ಚಿತ್ರದಲ್ಲಿರುವವರು ಒಪ್ಪಿದ್ದಾರೆಯೇ ಎಂದು ಬರೆಯಿರಿ. ಮಾಟ್ಟು ಪೊಂಗಲ್ ಚಿತ್ರ ಹಿಂದಿನ ವರ್ಷದ್ದಾದರೆ ಅದನ್ನೂ ತಿಳಿಸಿ.

ಸಂಕ್ರಾಂತಿ ಸಂಚಿಕೆಗೆ ಪತ್ರ ಅಕ್ಟೋಬರಿನಲ್ಲೇ ಹೋಗಲಿ. ಡಿಸೆಂಬರಿಗೆ ಮಾಸಿಕಗಳ ಪುಟಗಳು ತುಂಬಿರುತ್ತವೆ. ಮೂರು ವಾರ ಉತ್ತರ ಬಾರದಿದ್ದರೆ ಒಮ್ಮೆ ನೆನಪಿಸಿ, ಆಮೇಲೆ ಬೇರೆ ಪತ್ರಿಕೆಗೆ ಕಳಿಸಿ.